ನಿಧಾನದವಳು ಮೊದಲು: 4×100 ರಿಲೇಯಲ್ಲಿ ಯಾರಿಗೆ ಯಾವ ಸರದಿ?

ಪ್ರಶ್ನೆ: ಹುಡುಗಿಯರ 4×100 ಮೀಟರ್ ರಿಲೇ ತಂಡಕ್ಕೆ ತರಬೇತಿ ಕೊಡುತ್ತಿದ್ದೇನೆ. 100 ಮೀಟರ್‌ಗೆ ‘ಎ’ 12.4, ‘ಬಿ’ 12.7, ‘ಸಿ’ 12.8, ‘ಡಿ’ 13.1 ಸೆಕೆಂಡ್ ತೆಗೆದುಕೊಳ್ಳುತ್ತಾರೆ. ಬ್ಲಾಕ್‌ನಿಂದ ಹೊರಟು ಮೊದಲ 30 ಮೀಟರ್‌ಗೆ ಕ್ರಮವಾಗಿ 4.7, 4.7, 5.0 ಮತ್ತು 4.6. ‘ಬಿ’ 200 ಮೀಟರ್ ಕೂಡ ಓಡುತ್ತಾಳೆ. ‘ಸಿ’ ಎತ್ತರದ ಹುಡುಗಿ, ಬ್ಯಾಟನ್ ತೆಗೆದುಕೊಳ್ಳುವಾಗ ಹಿಂದಿರುಗಿ ನೋಡುವ ಅಭ್ಯಾಸ ಬಿಟ್ಟಿಲ್ಲ. ಈಗ ಬಿ–ಸಿ–ಡಿ–ಎ ಕ್ರಮದಲ್ಲಿ ಓಡಿಸುತ್ತಿದ್ದೇನೆ. 51.3 ಸೆಕೆಂಡಿಗಿಂತ ಕೆಳಗೆ ಬರುತ್ತಿಲ್ಲ. ಕೊನೆಯ ಬ್ಯಾಟನ್ ಬದಲಾವಣೆಯಲ್ಲಿ ‘ಎ’ ಪ್ರತಿ ಸಲವೂ ನಿಲ್ಲುವಷ್ಟು ನಿಧಾನಿಸಬೇಕಾಗುತ್ತದೆ. ಕ್ರಮ ಬದಲಿಸಬೇಕೇ?

ಉತ್ತರ: ಬದಲಿಸಿ. ಡಿ–ಎ–ಬಿ–ಸಿ ಮಾಡಿ. ನಾಲ್ವರಲ್ಲಿ ನಿಧಾನದವಳು ಮೊದಲು, ಅತಿ ವೇಗದವಳು ಎರಡನೆಯದು. ಇದನ್ನು ಮೈದಾನದಲ್ಲಿ ಹೇಳಿದರೆ ಹುಬ್ಬೇರಿಸುವವರೇ ಹೆಚ್ಚು. ಆದ್ದರಿಂದ ಕಾರಣವನ್ನು ನೀವು ಕಳಿಸಿದ ಅಂಕಿಗಳಿಂದಲೇ ತೆಗೆದು ತೋರಿಸುತ್ತೇನೆ.

ಮೊದಲು ಒಂದು ಕಳೆಯುವ ಲೆಕ್ಕ ಮಾಡೋಣ. ಒಬ್ಬೊಬ್ಬರ 100 ಮೀಟರ್ ಸಮಯದಿಂದ ಮೊದಲ 30 ಮೀಟರ್ ಸಮಯ ಕಳೆಯಿರಿ. ಉಳಿಯುವುದು, ವೇಗ ಹಿಡಿದ ಮೇಲೆ 70 ಮೀಟರ್ ಓಡಲು ಅವಳಿಗೆ ಬೇಕಾಗುವ ಕಾಲ. ‘ಎ’ಗೆ 7.7, ‘ಬಿ’ಗೆ 8.0, ‘ಸಿ’ಗೆ 7.8, ‘ಡಿ’ಗೆ 8.5. ಇಲ್ಲಿಯೇ ಚಿತ್ರ ಬದಲಾಯಿತು ನೋಡಿ. 100 ಮೀಟರ್ ಪಟ್ಟಿಯಲ್ಲಿ ಮೂರನೆಯವಳಾದ ‘ಸಿ’, ಓಡುವ ವೇಗದಲ್ಲಿ ‘ಎ’ಯ ಹಿಂದೆಯೇ ಇದ್ದಾಳೆ. ಅವಳ ಕೊರತೆಯೆಲ್ಲ ಬ್ಲಾಕ್‌ನಿಂದ ಏಳುವುದರಲ್ಲಿದೆ. ‘ಡಿ’ಯದು ಇದಕ್ಕೆ ಪೂರ್ತಿ ತಿರುವುಮುರುವು. ಗುಂಡು ಹಾರಿದಾಗ ನಾಲ್ವರಲ್ಲಿ ಅವಳೇ ಮುಂದೆ, ಅರ್ಧ ದಾರಿಯಾದ ಮೇಲೆ ಅವಳೇ ಹಿಂದೆ.

ಈ 70 ಮೀಟರ್‌ನ ವೇಗದಲ್ಲಿಯೇ ಪೂರ್ತಿ 100 ಓಡಿದರೆ ಎಷ್ಟಾಗುತ್ತದೆ? ‘ಎ’ 11.0, ‘ಬಿ’ 11.4, ‘ಸಿ’ 11.1, ‘ಡಿ’ 12.1. ನಿಂತಲ್ಲಿಂದ ಹೊರಡಬೇಕಾದ್ದಕ್ಕೆ ಪ್ರತಿಯೊಬ್ಬರೂ ತೆರುವ ದಂಡ ಇದರಿಂದ ಗೊತ್ತಾಗುತ್ತದೆ. ‘ಎ’ 1.4, ‘ಬಿ’ 1.3, ‘ಸಿ’ 1.7, ‘ಡಿ’ ಬರೀ 1.0 ಸೆಕೆಂಡ್. ರಿಲೇಯಲ್ಲಿ ಈ ದಂಡವನ್ನು ಬ್ಯಾಟನ್ ಒಂದೇ ಸಲ ಕಟ್ಟುತ್ತದೆ, ಅದೂ ಮೊದಲ ಸರದಿಯಲ್ಲಿ. ಉಳಿದ ಮೂವರು ವೇಗ ಹಿಡಿಯುವಷ್ಟು ಹೊತ್ತು ಬ್ಯಾಟನ್ ಇನ್ನೊಬ್ಬರ ಕೈಯಲ್ಲಿ ಓಡುತ್ತಿರುತ್ತದೆ. ಹಾಗಿದ್ದಮೇಲೆ ಮೊದಲು ಯಾರನ್ನು ನಿಲ್ಲಿಸಬೇಕು? 100 ಮೀಟರ್ ಚೆನ್ನಾಗಿ ಓಡುವವಳನ್ನಲ್ಲ, ಕಡಿಮೆ ದಂಡ ಕಟ್ಟುವವಳನ್ನು.

ಈಗ ಎರಡೂ ಕ್ರಮಗಳನ್ನು ಕೂಡಿ ನೋಡಿ. ಬಿ–ಸಿ–ಡಿ–ಎ ಅಂದರೆ 12.7, 11.1, 12.1, 11.0, ಒಟ್ಟು 46.9. ಡಿ–ಎ–ಬಿ–ಸಿ ಅಂದರೆ 13.1, 11.0, 11.4, 11.1, ಒಟ್ಟು 46.6. ವ್ಯತ್ಯಾಸ 0.3 ಸೆಕೆಂಡ್. ನಿಮ್ಮ ಹುಡುಗಿಯರು 46.6 ಓಡುತ್ತಾರೆ ಎಂದು ಇದರ ಅರ್ಥವಲ್ಲ. ಬ್ಯಾಟನ್ ಕೈಗೆ ಬರುವ ಹೊತ್ತಿಗೆ ಪೂರ್ಣ ವೇಗ ಯಾರಿಗೂ ಬಂದಿರುವುದಿಲ್ಲ, ತಿರುವು ತನ್ನ ಪಾಲು ತಿನ್ನುತ್ತದೆ. ಲೆಕ್ಕ ಎರಡು ಕ್ರಮಗಳನ್ನು ಹೋಲಿಸುವುದಕ್ಕಷ್ಟೆ. ಇನ್ನೊಂದು ಮಾತು: ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಅಳೆದ 0.1 ಸೆಕೆಂಡನ್ನು ನಂಬಬೇಡಿ. 30 ಮೀಟರ್ ಸಮಯವನ್ನು ಒಬ್ಬರೇ ನಿಂತು ಪ್ರತಿಯೊಬ್ಬರಿಗೂ ಮೂರು ಸಲ ಅಳೆಯಿರಿ, ನಡುವಿನದನ್ನು ಇಟ್ಟುಕೊಳ್ಳಿ. ನಿಮ್ಮಲ್ಲಿ ‘ಡಿ’ಗೂ ಉಳಿದವರಿಗೂ ದಂಡದಲ್ಲಿ ಇರುವ ಅಂತರ ದೊಡ್ಡದು, ಆದ್ದರಿಂದ ತೀರ್ಮಾನ ಬದಲಾಗಲಾರದು.

0.3 ಸಿಕ್ಕಿತು ಎಂದು ಹಿಗ್ಗುವ ಮೊದಲು ಇನ್ನೊಂದು ಅಂಕಿ ನೋಡಬೇಕು. ನಾಲ್ವರ 100 ಮೀಟರ್ ಸಮಯ ಕೂಡಿದರೆ 51.0. ನಿಮ್ಮ ತಂಡ ಓಡುತ್ತಿರುವುದು 51.3. ಮೂವರು ಓಡುತ್ತಲೇ ಬ್ಯಾಟನ್ ತೆಗೆದುಕೊಳ್ಳುವ ಓಟದಲ್ಲಿ ತಂಡದ ಸಮಯ ಈ ಮೊತ್ತಕ್ಕಿಂತ ಸಾಕಷ್ಟು ಕಡಿಮೆ ಇರಬೇಕು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಜಪಾನ್ ಪುರುಷರ ತಂಡವನ್ನು ನೆನಪಿಸಿಕೊಳ್ಳಿ. ಯಮಗಾಟ, ಇಜುಕ, ಕಿರ್ಯು, ಕೇಂಬ್ರಿಜ್ ಈ ನಾಲ್ವರಲ್ಲಿ ಒಬ್ಬರೂ ಅಲ್ಲಿಯವರೆಗೆ 100 ಮೀಟರ್‌ ಅನ್ನು 10 ಸೆಕೆಂಡಿನೊಳಗೆ ಓಡಿರಲಿಲ್ಲ. ಅಂದರೆ ಮೊತ್ತ 40ರ ಕೆಳಗೆ ಇಳಿಯುವಂತಿರಲಿಲ್ಲ. ಅವರು ಓಡಿದ್ದು 37.60. ಅಂಥ ಎರಡೂವರೆ ಸೆಕೆಂಡಿನ ಲಾಭ ನಿಮಗೆ ಬೇಡ. ಆದರೆ ಮೊತ್ತದಿಂದ ಎರಡು ಸೆಕೆಂಡ್ ಇಳಿದು 49ರ ಸುತ್ತ ಬರುವುದು ಈ ನಾಲ್ವರಿಗೆ ಹೆಚ್ಚಿನ ಆಸೆಯೇನೂ ಅಲ್ಲ. ನಿಮ್ಮ ದೊಡ್ಡ ನಷ್ಟ ಇರುವುದು ಬದಲಾವಣೆಗಳಲ್ಲಿ. ಹಾಗೆಂದು ಕ್ರಮದ ಪ್ರಶ್ನೆ ಮುಗಿಯಿತು ಎಂದುಕೊಳ್ಳಬೇಡಿ. ನಿಮ್ಮ ಕೊನೆಯ ಬದಲಾವಣೆ ಕೆಡುತ್ತಿರುವುದೇ ಈ ಕ್ರಮದಿಂದ.

ಅದು ಹೇಗೆಂದು ತಿಳಿಯಲು, ಬ್ಯಾಟನ್ ಕೈ ಬದಲಾಗಬೇಕಾದ ವಿನಿಮಯ ವಲಯದ ಅಳತೆ ಕಣ್ಣ ಮುಂದಿರಬೇಕು. ಈಗಿನ ನಿಯಮದಂತೆ ವಲಯ 30 ಮೀಟರ್ ಉದ್ದ. 100, 200, 300 ಮೀಟರ್ ಗೆರೆಗಳಿಗೆ 20 ಮೀಟರ್ ಮೊದಲೇ ಶುರುವಾಗಿ, 10 ಮೀಟರ್ ಆಚೆ ಮುಗಿಯುತ್ತದೆ. ಬ್ಯಾಟನ್ ತೆಗೆದುಕೊಳ್ಳುವವಳು ವಲಯದ ಒಳಗಿನಿಂದಲೇ ಹೊರಡಬೇಕು. ಒಳಗೆ ಹೊರಗೆ ಎಂದು ತೀರ್ಮಾನಿಸುವುದು ಬ್ಯಾಟನ್ ಎಲ್ಲಿದೆ ಎಂಬುದನ್ನು ನೋಡಿ, ಕಾಲು ಎಲ್ಲಿದೆ ಎಂಬುದನ್ನಲ್ಲ. ಹೀಗಾಗಿ ಮೊದಲ ಸರದಿಯವಳು ಒಟ್ಟು 100 ಮೀಟರ್‌ಗಿಂತ ಸ್ವಲ್ಪವೇ ಹೆಚ್ಚು ಓಡುತ್ತಾಳೆ. ಎರಡನೆಯ ಮತ್ತು ಮೂರನೆಯವರು ವಲಯದ ಆರಂಭದಿಂದ ಹೊರಟು ಮುಂದಿನ ವಲಯದ ಒಳಗಿನವರೆಗೆ 120ರಿಂದ 125 ಮೀಟರ್ ಓಡಬೇಕು. ಕೊನೆಯವಳೂ 120 ಓಡುತ್ತಾಳೆ, ಆದರೆ ಕೊನೆಯ ಮೀಟರ್‌ಗಳಲ್ಲಿ ಅವಳು ಯಾರಿಗೂ ಏನನ್ನೂ ಕೊಡಬೇಕಾಗಿಲ್ಲ.

ನಿಮ್ಮ ‘ಡಿ’ಯನ್ನು ಈಗ ಮೂರನೆಯ ಸರದಿಯಲ್ಲಿ ನೋಡಿ. 60 ಮೀಟರ್ ಆದಮೇಲೆ ಸೋಲುವ ಹುಡುಗಿ 120 ಮೀಟರ್ ಓಡುತ್ತಿದ್ದಾಳೆ, ಅದೂ ತಿರುವಿನಲ್ಲಿ. ಅವಳು ಟೇಪಿನ ಗುರುತು ಮುಟ್ಟಿದಾಗ ‘ಎ’ ಹೊರಡುತ್ತಾಳೆ. ‘ಎ’ಯ ಪ್ರತಿ ಹೆಜ್ಜೆಯೂ ಹಿಂದಿನದಕ್ಕಿಂತ ಉದ್ದ, ‘ಡಿ’ಯ ಪ್ರತಿ ಹೆಜ್ಜೆಯೂ ಹಿಂದಿನದಕ್ಕಿಂತ ಗಿಡ್ಡ. ವಲಯದ ನಡುವೆ ‘ಡಿ’ ಕೂಗುತ್ತಾಳೆ, ‘ಎ’ಯ ಕೈ ಹಿಂದೆ ಬರುತ್ತದೆ, ಇಬ್ಬರ ನಡುವೆ ಒಂದೂವರೆ ಮೀಟರ್ ಬರೀ ಗಾಳಿ. ‘ಡಿ’ ಬ್ಯಾಟನ್ ಹಿಡಿದ ಕೈಯನ್ನು ಮುಂದೆ ಚಾಚಿಕೊಂಡೇ ನಾಲ್ಕು ಹೆಜ್ಜೆ ಓಡುತ್ತಾಳೆ. ಕೈ ಚಾಚಿಕೊಂಡು ಓಡುವವರು ಇನ್ನೂ ನಿಧಾನವಾಗುತ್ತಾರೆ. ಕೊನೆಗೆ ‘ಎ’ ತಿರುಗಿ ನೋಡಿ, ಕಾಲು ತಡೆದು ಕಾಯುತ್ತಾಳೆ. ನೀವು ಇದನ್ನು ‘ಎ’ಯ ತಪ್ಪು ಎಂದುಕೊಂಡಿರಬಹುದು, ಅಥವಾ ಗುರುತನ್ನು ಹತ್ತಿರಕ್ಕೆ ತಂದಿರಬಹುದು. ಗುರುತು ಹತ್ತಿರವಾದರೆ ‘ಎ’ ತಡವಾಗಿ ಹೊರಡುತ್ತಾಳೆ, ಬ್ಯಾಟನ್ ಸಿಗುತ್ತದೆ, ಆದರೆ ಅರ್ಧ ವೇಗದಲ್ಲಿ. ನಿಮ್ಮ ಅತ್ಯುತ್ತಮ ಓಟಗಾರ್ತಿಯನ್ನು ಅತಿ ಸುಸ್ತಾದವಳ ಮುಂದೆ ನಿಲ್ಲಿಸಿದ್ದೀರಿ. ಅದಕ್ಕೆ ಸರಿಹೋಗುವ ಗುರುತು ಇಲ್ಲ.

ಆದ್ದರಿಂದ ನಾನು ಸರದಿ ಹಂಚುವಾಗ, ಯಾರಲ್ಲಿ ಏನಿದೆ ಎಂದು ನೋಡುವ ಮೊದಲು ಯಾರಲ್ಲಿ ಏನಿಲ್ಲ ಎಂದು ಬರೆದುಕೊಳ್ಳುತ್ತೇನೆ. ಆ ಕೊರತೆಯನ್ನು ಯಾವ ಸರದಿ ಕೇಳುವುದೇ ಇಲ್ಲವೋ ಅಲ್ಲಿ ಅವಳನ್ನು ಇಡುತ್ತೇನೆ. ‘ಡಿ’ಗೆ ಕೊನೆಯ ದಮ್ಮಿಲ್ಲ, ಮೊದಲ ಸರದಿ ಅತಿ ಚಿಕ್ಕದು. ‘ಸಿ’ಗೆ ಎದ್ದು ಹೊರಡುವ ಚುರುಕಿಲ್ಲ, ಮೊದಲ ಸರದಿ ಒಂದನ್ನು ಬಿಟ್ಟು ಉಳಿದೆಡೆ ಆ ನಿಧಾನವನ್ನು ಟೇಪಿನ ಗುರುತಿನಲ್ಲಿ ಸರಿದೂಗಿಸಬಹುದು.

ಮೂರನೆಯ ಸರದಿಗೆ ‘ಬಿ’ ಬಿಟ್ಟರೆ ನಿಮಗೆ ಬೇರೆ ದಾರಿ ಕಾಣುವುದಿಲ್ಲ. ಈ ಸರದಿ ಎಲ್ಲವನ್ನೂ ಕೇಳುತ್ತದೆ: ತಿರುವು, 120 ಮೀಟರ್‌ನ ದಮ್ಮು, ಬಲಗೈಯಲ್ಲಿ ತೆಗೆದುಕೊಳ್ಳುವುದು, ಸುಸ್ತಾದ ಹೊತ್ತಿನಲ್ಲಿ ಕೊಡುವುದು. ಒಳಗಿನ ಲೇನ್‌ನಲ್ಲಿ ತಿರುವಿನ ತ್ರಿಜ್ಯ ಸುಮಾರು 37 ಮೀಟರ್. ಸೆಕೆಂಡಿಗೆ 9 ಮೀಟರ್ ವೇಗದಲ್ಲಿ ಬರುವವಳು ದೇಹವನ್ನು ಎಡಕ್ಕೆ ವಾಲಿಸಿ, ಎಡಗಾಲಿನ ಹೆಜ್ಜೆಯನ್ನು ಸ್ವಲ್ಪ ಮೊಟಕು ಮಾಡಿಕೊಳ್ಳಲೇಬೇಕು. ಉದ್ದ ಹೆಜ್ಜೆಯ ಎತ್ತರದ ಹುಡುಗಿಯರು ಇಲ್ಲಿ ಹೆಚ್ಚು ತಿಣುಕುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. 200 ಮೀಟರ್ ಓಡುವವರಿಗೆ ಆ ವಾಲು ದಿನದ ಕೆಲಸ. ದೊಡ್ಡ ತಂಡಗಳೂ ಮೂರನೆಯ ಸರದಿಯನ್ನು ಹಗುರವಾಗಿ ನೋಡುವುದಿಲ್ಲ. 2009ರ ಬರ್ಲಿನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಉಸೇನ್ ಬೋಲ್ಟ್ ಓಡಿದ್ದು ಮೂರನೆಯವರಾಗಿ, ಕೊನೆಯವರು ಅಸಾಫಾ ಪೊವೆಲ್. ತಿರುವಿಗೆ ಯೋಹಾನ್ ಬ್ಲೇಕ್ ಎಂಬ ಇನ್ನೊಬ್ಬ 200 ಮೀಟರ್ ಓಟಗಾರ ಸಿಕ್ಕ ಮೇಲೆ, 2011ರಲ್ಲಿಯೂ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿಯೂ ಬೋಲ್ಟ್ ಕೊನೆಗೆ ಬಂದರು. ಲಂಡನ್‌ನಲ್ಲಿ ಕಾರ್ಟರ್, ಫ್ರೇಟರ್, ಬ್ಲೇಕ್, ಬೋಲ್ಟ್ ಓಡಿದ 36.84 ವಿಶ್ವದಾಖಲೆಯಾಯಿತು.

ಇನ್ನು ಉಳಿದದ್ದು ‘ಎ’ ಮತ್ತು ‘ಸಿ’. ಇಬ್ಬರಿಗೂ ನೇರ ದಾರಿ. ಯಾರು ಎರಡನೆಯವರು, ಯಾರು ಕೊನೆಯವರು? ಡಿ–ಎ–ಬಿ–ಸಿ ಆದರೂ ಡಿ–ಸಿ–ಬಿ–ಎ ಆದರೂ ಕೂಡುವ ಲೆಕ್ಕದಲ್ಲಿ ಬರುವುದು ಅದೇ 46.6. ಇಲ್ಲಿ ಗಡಿಯಾರ ಉತ್ತರ ಕೊಡುವುದಿಲ್ಲ, ಕೈಗಳು ಕೊಡುತ್ತವೆ. ಎರಡನೆಯ ಸರದಿಯವಳು ಎರಡು ಬದಲಾವಣೆಗಳಲ್ಲಿ ಪಾಲುದಾರಳು. ತೆಗೆದುಕೊಳ್ಳಬೇಕು, ಕೊಡಲೂ ಬೇಕು. ಕೊನೆಯವಳದು ಒಂದೇ. ಹಿಂದಿರುಗಿ ನೋಡುವ ‘ಸಿ’ಯನ್ನು ಎರಡು ಕಡೆ ಸಿಕ್ಕಿಸುವುದಕ್ಕಿಂತ ಒಂದು ಕಡೆ ಸಿಕ್ಕಿಸುವುದು ಮೇಲು. ಇನ್ನೂ ಒಂದು ಕಾರಣವಿದೆ. ನಿಮ್ಮ ಅತಿ ಕಷ್ಟದ ಬದಲಾವಣೆ ಎಂದರೆ ಸೋಲುತ್ತ ಬರುವ ‘ಡಿ’ಯಿಂದ ತೆಗೆದುಕೊಳ್ಳುವುದು. ಅದನ್ನು ತಲೆ ತಿರುಗಿಸದೆ ಕಾದು ಮಾಡಬಲ್ಲವಳು ‘ಎ’.

ಕೊನೆಯಲ್ಲಿ ಅತಿ ವೇಗದವಳೇ ಇರಬೇಕೆಂಬ ನಂಬಿಕೆಯನ್ನು ನಾನೂ ಬಹಳ ವರ್ಷ ಪೋಷಿಸಿದವನು. ಕೊನೆಯ ನೇರದಲ್ಲಿ ಒಬ್ಬ ಹುಡುಗ ಮೂವರನ್ನು ಹಿಂದಿಕ್ಕುವುದನ್ನು ನೋಡುವ ಸುಖ ಅಂಥದ್ದು. ಆದರೆ ಅವನು ಮೂವರನ್ನು ಹಿಂದಿಕ್ಕಬೇಕಾಗಿ ಬಂದದ್ದು ಏಕೆ ಎಂದು ಕೇಳಿಕೊಂಡದ್ದು ತಡವಾಗಿ.

ಕೈಗಳ ವಿಷಯ ಚುಟುಕಾಗಿ ಹೇಳುತ್ತೇನೆ, ನಿಮಗೆ ಗೊತ್ತೇ ಇರುತ್ತದೆ. ತಿರುವಿನಲ್ಲಿ ಓಡುವ ಒಂದನೆಯ ಮತ್ತು ಮೂರನೆಯವರು ಬ್ಯಾಟನ್ ಬಲಗೈಯಲ್ಲಿ ಹಿಡಿದು ಲೇನ್‌ನ ಒಳ ಅಂಚಿಗೆ ಅಂಟಿ ಓಡುತ್ತಾರೆ. ಎರಡನೆಯ ಮತ್ತು ನಾಲ್ಕನೆಯವರು ಹೊರ ಅಂಚಿನಲ್ಲಿದ್ದು ಎಡಗೈಯಲ್ಲಿ ಹಿಡಿಯುತ್ತಾರೆ. ನಡುವೆ ಯಾರೂ ಕೈ ಬದಲಿಸುವುದಿಲ್ಲ. ನಿಮ್ಮ ಈಗಿನ ಕ್ರಮದಲ್ಲಿ ‘ಎ’ ಮತ್ತು ‘ಸಿ’ ಎಡಗೈಯವರು, ‘ಬಿ’ ಮತ್ತು ‘ಡಿ’ ಬಲಗೈಯವರು. ಹೊಸ ಕ್ರಮದಲ್ಲಿಯೂ ಅದೇ ಉಳಿಯುತ್ತದೆ. ಯಾರೂ ಹೊಸ ಕೈ ಕಲಿಯಬೇಕಾಗಿಲ್ಲ, ನಿಮ್ಮ ಪುಣ್ಯ. ‘ಬಿ’ ತೆಗೆದುಕೊಳ್ಳುವುದನ್ನು, ‘ಎ’ ಕೊಡುವುದನ್ನು ಮಾತ್ರ ಹೊಸದಾಗಿ ಕಲಿಯಬೇಕು, ಇಲ್ಲಿಯವರೆಗೆ ‘ಬಿ’ ಬರೀ ಕೊಡುತ್ತಿದ್ದಳು, ‘ಎ’ ಬರೀ ತೆಗೆದುಕೊಳ್ಳುತ್ತಿದ್ದಳು.

ಈಗ ‘ಡಿ’ಯಿಂದ ‘ಎ’ಗೆ ಗುರುತು ಹಾಕುವ ಲೆಕ್ಕ. ‘ಎ’ ವಲಯದ ಆರಂಭದಲ್ಲಿ ನಿಂತು 20 ಮೀಟರ್ ಓಡಿದಾಗ ಬ್ಯಾಟನ್ ಸಿಗಬೇಕೆಂದುಕೊಳ್ಳೋಣ. ಆಗ ಅವಳಿಗೆ ಒಳ್ಳೆಯ ವೇಗ ಬಂದಿರುತ್ತದೆ, ತಪ್ಪಿದರೆ ತಿದ್ದಿಕೊಳ್ಳಲು 10 ಮೀಟರ್ ಉಳಿದಿರುತ್ತದೆ. ಆ 20 ಮೀಟರ್‌ಗೆ ಅವಳು 3.3 ಸೆಕೆಂಡ್ ತೆಗೆದುಕೊಳ್ಳುತ್ತಾಳೆ, ‘ಡಿ’ ಕೊನೆಯಲ್ಲಿ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಬರುತ್ತಾಳೆ ಎಂದಿಟ್ಟುಕೊಳ್ಳಿ. 3.3 ಸೆಕೆಂಡಿನಲ್ಲಿ ‘ಡಿ’ ಓಡುವುದು 26.4 ಮೀಟರ್. ಇಬ್ಬರ ಕೈಗಳೂ ಚಾಚಿರುವುದರಿಂದ ಬ್ಯಾಟನ್ ಕೊಡುವಾಗ ಅವಳು ಒಂದು ಮೀಟರ್ ಹಿಂದಿದ್ದರೆ ಸಾಕು, ಅಂದರೆ 19ನೆಯ ಮೀಟರ್‌ನಲ್ಲಿ. 26.4ರಲ್ಲಿ 19 ಕಳೆದರೆ 7.4. ‘ಎ’ ನಿಂತ ಜಾಗದಿಂದ 7.4 ಮೀಟರ್ ಹಿಂದೆ ಟೇಪು ಅಂಟಿಸಿ. 25 ಸೆಂಟಿಮೀಟರ್ ಶೂ ಇಟ್ಟು ಅಳೆದರೆ ಹೆಚ್ಚುಕಡಿಮೆ 30 ಹೆಜ್ಜೆ. ‘ಡಿ’ಯ ಕಾಲು ಟೇಪು ದಾಟಿದ ಕ್ಷಣ ‘ಎ’ ಹೊರಡಬೇಕು, ಆಮೇಲೆ ಹಿಂದೆ ನೋಡಬಾರದು.

ಲೆಕ್ಕ ಶುರುವಿಗೆ ಮಾತ್ರ. ‘ಡಿ’ಗೆ ಹಿಡಿಯಲಾಗದಿದ್ದರೆ ‘ಎ’ ಬೇಗ ಹೊರಡುತ್ತಿದ್ದಾಳೆ ಎಂದರ್ಥ. ಟೇಪನ್ನು ಒಂದು ಶೂ ಹತ್ತಿರಕ್ಕೆ ತನ್ನಿ. ‘ಡಿ’ ಬೆನ್ನ ಮೇಲೆ ಬಂದುಬಿದ್ದರೆ ಒಂದು ಶೂ ದೂರಕ್ಕೆ ಸರಿಸಿ. ಒಮ್ಮೆಗೆ ಒಂದೇ. ಇಲ್ಲಿ ಬಹಳ ಜನ ಮಾಡುವ ತಪ್ಪೊಂದಿದೆ: ಅಭ್ಯಾಸದಲ್ಲಿ ಬರುವವಳನ್ನು 40 ಮೀಟರ್ ಹಿಂದಿನಿಂದ ಓಡಿಸುವುದು. 40 ಮೀಟರ್ ಓಡಿದ ‘ಡಿ’ ಬೇರೆ, 95 ಮೀಟರ್ ಓಡಿದ ‘ಡಿ’ ಬೇರೆ. ತಾಜಾ ‘ಡಿ’ಗೆ ಹೊಂದಿಸಿದ ಗುರುತು ಪಂದ್ಯದ ದಿನ ಕೈಕೊಡುತ್ತದೆ. ಅವಳನ್ನು ಬ್ಲಾಕ್‌ನಿಂದಲೇ ಪೂರ್ತಿ ಓಡಿಸಿ ಗುರುತು ಹಾಕಿ, ದಿನಕ್ಕೆ ಮೂರು ಸಲ ಆದರೂ ಸಾಕು.

ಕ್ರಮ ಫಲ ಕೊಡುತ್ತಿದೆಯೇ ಎಂದು ತಿಳಿಯಲು ಪೂರ್ತಿ ಓಟದ ಸಮಯ ನೋಡಬೇಡಿ, ಅದರಲ್ಲಿ ಎಲ್ಲವೂ ಬೆರೆತುಹೋಗಿರುತ್ತದೆ. ವಲಯದ ಎರಡೂ ತುದಿಗಳು ಕಾಣುವಂತೆ ಬದಿಯಲ್ಲಿ ಮೊಬೈಲ್ ನಿಲ್ಲಿಸಿ ಚಿತ್ರೀಕರಿಸಿ. ಬ್ಯಾಟನ್ ವಲಯವನ್ನು ಹೊಕ್ಕ ಕ್ಷಣದಿಂದ ಹೊರಬಿದ್ದ ಕ್ಷಣದವರೆಗೆ ಎಷ್ಟು ಹೊತ್ತಾಯಿತು ಎಂದು ಎಣಿಸಿ. ಸೆಕೆಂಡಿಗೆ 8 ಮೀಟರ್‌ನಂತೆ ಬಂದ ಬ್ಯಾಟನ್ ಅದೇ ವೇಗದಲ್ಲಿ ಸಾಗಿದರೆ 30 ಮೀಟರ್‌ಗೆ 3.75 ಸೆಕೆಂಡ್. 3.8 ಬಂದರೆ ಅದು ಒಳ್ಳೆಯ ಬದಲಾವಣೆ. 4.3 ಬಂದರೆ ಅರ್ಧ ಸೆಕೆಂಡು ಅಲ್ಲಿಯೇ ಬಿದ್ದುಹೋಗಿದೆ. ಮೂರು ವಲಯಗಳಲ್ಲೂ ಹೀಗೆ ಮಾಡಿದರೆ ನಿಮ್ಮ ಎರಡು ಸೆಕೆಂಡ್ ಎಲ್ಲೆಲ್ಲಿ ಸೋರುತ್ತಿದೆ ಎಂದು ಒಂದೇ ಸಂಜೆಯಲ್ಲಿ ಗೊತ್ತಾಗುತ್ತದೆ. ಹಳೆಯ ಕ್ರಮದ ‘ಡಿ’–‘ಎ’ ಜೋಡಿಯ ಚಿತ್ರವನ್ನೂ ಒಮ್ಮೆ ತೆಗೆದಿಟ್ಟುಕೊಳ್ಳಿ, ಹೋಲಿಸಲು ಬೇಕಾಗುತ್ತದೆ.

ಹೊಸ ಕ್ರಮದಲ್ಲಿಯೂ ‘ಡಿ’ಯಿಂದಲೇ ‘ಎ’ ತೆಗೆದುಕೊಳ್ಳಬೇಕಲ್ಲ ಎಂದು ನೀವು ಕೇಳಬಹುದು. ಹೌದು. ಆದರೆ ಅಲ್ಲಿ ‘ಡಿ’ 120 ಮೀಟರ್ ಓಡಿ ಬಂದಿರುವುದಿಲ್ಲ, 100 ಓಡಿರುತ್ತಾಳೆ. ಆ 20 ಮೀಟರ್ ಅವಳ ಮಟ್ಟಿಗೆ ಬಹಳ ದೊಡ್ಡದು. ಬೇಕಿದ್ದರೆ ‘ಎ’ಗೆ ಬ್ಯಾಟನ್ ಇನ್ನೂ ಬೇಗ, 15ನೆಯ ಮೀಟರ್‌ನಲ್ಲಿಯೇ ಕೊಡಿಸಿ ‘ಡಿ’ಯ ಓಟವನ್ನು ಚಿಕ್ಕದು ಮಾಡಬಹುದು ಎನ್ನುವವರಿದ್ದಾರೆ. ನಿಮ್ಮ ಇಬ್ಬರ ವೇಗದ ಪ್ರಕಾರ ಐದು ಮೀಟರ್‌ಗೆ ಸಿಗುವ ಲಾಭ 0.06 ಸೆಕೆಂಡ್. ಅದಕ್ಕಾಗಿ ‘ಎ’ ಐದು ಮೀಟರ್ ಕಡಿಮೆ ವೇಗ ಹಿಡಿದಿರುವಾಗಲೇ ಬ್ಯಾಟನ್ ತೆಗೆದುಕೊಳ್ಳಬೇಕು. ನಾನು ಈ ವ್ಯಾಪಾರಕ್ಕೆ ಇಳಿಯುವುದಿಲ್ಲ.

‘ಸಿ’ಯ ತಿರುಗಿ ನೋಡುವ ಚಟಕ್ಕೆ ಬೈಗುಳ ಮದ್ದಲ್ಲ. ಬ್ಯಾಟನ್ ಬರುತ್ತದೋ ಇಲ್ಲವೋ ಎಂಬ ಅನುಮಾನವಿರುವವರು ತಿರುಗುತ್ತಾರೆ. ‘ಬಿ’ ಮತ್ತು ‘ಸಿ’ ಇಬ್ಬರನ್ನೇ ಸಾಲಾಗಿ ನಿಧಾನ ಓಟದಲ್ಲಿ ಓಡಿಸಿ, ‘ಬಿ’ ಕೂಗಿದ ಮೇಲೆ ‘ಸಿ’ ಕೈ ಹಿಂದೆ ಕೊಟ್ಟು ಅಲುಗಾಡಿಸದೆ ಹಿಡಿದಿರಲಿ. ಕೈ ಹುಡುಕುತ್ತ ತೂಗಾಡಿದರೆ ಕೊಡುವವಳಿಗೆ ಗುರಿ ಸಿಗುವುದಿಲ್ಲ. ಆಮೇಲೆ ವೇಗ ಏರಿಸಿ. ಅವಳಿಗೆ ಹಾಕುವ ಗುರುತು ‘ಎ’ಯದಕ್ಕಿಂತ ದೂರ ಇರುತ್ತದೆ, ಏಕೆಂದರೆ ಅವಳಿಗೆ 20 ಮೀಟರ್ ಓಡಲು ಹೆಚ್ಚು ಹೊತ್ತು ಬೇಕು, ಮತ್ತು ‘ಬಿ’ ‘ಡಿ’ಗಿಂತ ವೇಗವಾಗಿ ಬರುತ್ತಾಳೆ. ಹತ್ತು ಮೀಟರ್ ದಾಟಿದರೂ ಗಾಬರಿಯಾಗಬೇಡಿ.

ಪಂದ್ಯದ ಹೊತ್ತಿಗೆ ಒಬ್ಬಳು ಕಾಲು ಉಳುಕಿಸಿಕೊಂಡರೆ, ಮೀಸಲು ಓಟಗಾರ್ತಿಯನ್ನು ಅದೇ ಸರದಿಗೆ ಹಾಕಿ. ಉಳಿದ ಮೂವರನ್ನು ಕದಲಿಸಬೇಡಿ. ಆಗ ತುದಿಯ ಸರದಿಯಾದರೆ ಒಂದು ಬದಲಾವಣೆ ಹೊಸದಾಗುತ್ತದೆ, ನಡುವಿನದಾದರೆ ಎರಡು. ಎಲ್ಲರನ್ನೂ ಕಲಸಿದರೆ ಮೂರೂ ಹೊಸದಾಗುತ್ತವೆ. ಇದಕ್ಕೆ ಒಂದೇ ಅಪವಾದ ‘ಬಿ’ಯ ಜಾಗ. ಮೀಸಲಿನವಳಿಗೆ ತಿರುವು ಬಾರದಿದ್ದರೆ ಅವಳನ್ನು ಕೊನೆಗೆ ಹಾಕಿ ‘ಸಿ’ಯನ್ನು ತಿರುವಿಗೆ ತರಲು ಮನಸ್ಸಾಗುತ್ತದೆ. ಹಾಗೆ ಮಾಡದೆ ‘ಎ’ಯನ್ನು ಮೂರಕ್ಕೆ ತನ್ನಿ, ಮೀಸಲಿನವಳನ್ನು ಎರಡಕ್ಕೆ ಕಳಿಸಿ, ‘ಸಿ’ ಇದ್ದಲ್ಲಿಯೇ ಇರಲಿ. ಆ ದಿನ ಮೂರು ಬದಲಾವಣೆಗಳೂ ಹೊಸವೇ, ಆದ್ದರಿಂದ ಪ್ರತಿ ಗುರುತನ್ನೂ ಎರಡು ಶೂ ಹತ್ತಿರಕ್ಕೆ ತಂದು, ಬ್ಯಾಟನ್ ಸುರಕ್ಷಿತವಾಗಿ ದಾಟುವಂತೆ ನೋಡಿಕೊಳ್ಳಿ.